ಸಪ್ಲೈಯರ್‌ಗೆ ಎರಡು ಸಲ ರೊಕ್ಕ ಹೋಗಿದೆಯೇ? ಗುರುತಿಸುವುದು, ವಾಪಸ್ ಕೇಳುವುದು, ಲೆಕ್ಕ ಮುಗಿಸುವುದು

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್‌ಗಳ ಲೆಕ್ಕ ನೋಡುವುದು ನನ್ನ ಕೆಲಸ. ಒಂದೇ ಬಿಲ್‌ಗೆ ಎರಡು ಸಲ ರೊಕ್ಕ ಕಟ್ಟುವುದು ಇಲ್ಲಿ ಅಪರೂಪವೇನಲ್ಲ. ವಾಪಸ್ ಪಡೆಯುವುದೂ ಬಹಳ ಸಲ ಕಷ್ಟವಲ್ಲ. ಕಷ್ಟ ಬರುವುದು ಆಮೇಲೆ. ರೊಕ್ಕ ಬ್ಯಾಂಕಿಗೆ ಬರುತ್ತದೋ, ಮುಂದಿನ ಬಿಲ್‌ನಲ್ಲಿ ಕಡಿಮೆ ಆಗುತ್ತದೋ, ಕ್ರೆಡಿಟ್ ನೋಟ್ ಆಗಿ ಬರುತ್ತದೋ ಎಂದು ಯಾರೂ ಬರೆದುಕೊಂಡಿರುವುದಿಲ್ಲ. ಮಾರ್ಚ್ ಬಂದಾಗ ಎರಡು ಕಡೆಯ ಲೆಕ್ಕ ಕೂಡುವುದಿಲ್ಲ. ಹಾಗಾಗಿ ರೊಕ್ಕ ಕೇಳುವಾಗಲೇ ಅದು ಯಾವ ದಾರಿಯಲ್ಲಿ ಬರಬೇಕು ಎಂದೂ ಕೇಳಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಉದ್ಯಮಬಾಗದ ಒಂದು ಶಾಪ್ ಮಚ್ಛೆಯ ಫೌಂಡ್ರಿಯಿಂದ ಪಂಪ್ ಬಾಡಿಯ ಕಾಸ್ಟಿಂಗ್ ತರಿಸಿತ್ತು. ಬಿಲ್ ನಂಬರ್ 0317. ಮಾಲು 72,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 12,960, ಒಟ್ಟು 84,960. ಜೂನ್ 9ರಂದು ಅಕೌಂಟೆಂಟ್ ನೆಫ್ಟ್ ಮಾಡಿದರು. ಫೌಂಡ್ರಿಯ ಕ್ಲರ್ಕ್ ಅದನ್ನು ಇನ್ನೂ ಜಮಾ ಮಾಡಿಕೊಂಡಿರಲಿಲ್ಲ. ಜೂನ್ 11ರಂದು ಅಲ್ಲಿಂದ ಮಾಲೀಕರಿಗೆ ಫೋನ್ ಬಂತು: "ಸಾಹುಕಾರ್ರ, ನಮ್ಮ ಬಿಲ್ ಬಾಕಿ ಐತ್ರಿ." ಅವರು ಅಲ್ಲೇ ನಿಂತು ಮೊಬೈಲ್‌ನಿಂದ ಐಎಂಪಿಎಸ್ ಮಾಡಿಬಿಟ್ಟರು. ಇದರ ಜೊತೆಗೆ ಅದೇ ಲಾಟ್‌ನಲ್ಲಿ ಕೆಲವು ಕಾಸ್ಟಿಂಗ್‌ಗಳಲ್ಲಿ ಬ್ಲೋ ಹೋಲ್ ಬಂದು ರಿಜೆಕ್ಟ್ ಆಗಿದ್ದವು. ಅವುಗಳ ಬೆಲೆ 3,600, ತೆರಿಗೆ 648, ಒಟ್ಟು 4,248 ರೂಪಾಯಿ. ಈ ಸಣ್ಣ ಮೊತ್ತವನ್ನು ನೆನಪಿಟ್ಟುಕೊಳ್ಳಿ. ಮುಂದೆ ಗೊಂದಲ ಮಾಡುವುದು ಇದೇ.

ಲಕ್ಷಣ: ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಒಂದೇ ಮೊತ್ತ ಎರಡು ಸಲ ಕಾಣುತ್ತಿದೆ

ತಕ್ಷಣ ಫೋನ್ ಎತ್ತಬೇಡಿ. ಮೊದಲು ಸ್ಟೇಟ್‌ಮೆಂಟನ್ನು ಇವತ್ತಿನ ತನಕ ಪೂರ್ತಿ ನೋಡಿ. ಎರಡರಲ್ಲಿ ಒಂದು ಪೇಮೆಂಟ್ ಫೇಲ್ ಆಗಿ ನಿಮ್ಮ ಖಾತೆಗೇ ವಾಪಸ್ ಬಂದಿರಬಹುದು. ಆ ಸಾಲಿನಲ್ಲಿ ಸಾಮಾನ್ಯವಾಗಿ `RETURN` ಅಥವಾ `REVERSAL` ಎಂದು ಇರುತ್ತದೆ, ಮತ್ತು ಮೊತ್ತ ಜಮಾ ಕಡೆ ಇರುತ್ತದೆ. ನೆಫ್ಟ್‌ನಲ್ಲಿ ರೊಕ್ಕ ಆ ಕಡೆಯ ಖಾತೆಗೆ ಜಮಾ ಆಗದಿದ್ದರೆ, ಆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಅವರ ಬ್ಯಾಂಕ್ ಅದನ್ನು ವಾಪಸ್ ಕಳಿಸಬೇಕು. ಐಎಂಪಿಎಸ್‌ನಲ್ಲಿ ನಮ್ಮ ಖಾತೆಯಿಂದ ಹೋಗಿ ಅವರಿಗೆ ಮುಟ್ಟದಿದ್ದರೆ ಮಾರನೆಯ ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಹೀಗೆ ವಾಪಸ್ ಬಂದಿದ್ದರೆ ಸಪ್ಲೈಯರ್‌ಗೆ ಹೇಳುವುದೇನೂ ಇಲ್ಲ. ಪುಸ್ತಕದಲ್ಲಿ ಒಂದು ಎಂಟ್ರಿ ತೆಗೆದರೆ ಸಾಕು.

ವಾಪಸ್ ಬಂದಿಲ್ಲವೇ? ಹಾಗಾದರೆ ಎರಡೂ ಪೇಮೆಂಟ್ ನಿಜವಾಗಿ ಒಂದೇ ಬಿಲ್‌ನವೇ ಎಂದು ನೋಡಿ. ತಿಂಗಳಿಗೆ ಎರಡು ಸಲ ಒಂದೇ ರೇಟಿನಲ್ಲಿ, ಒಂದೇ ಸಂಖ್ಯೆಯ ಕಾಸ್ಟಿಂಗ್ ತರಿಸುವವರಿಗೆ ಎರಡು ಬಿಲ್‌ಗಳ ಮೊತ್ತ ಪೈಸೆ ಬಿಡದೆ ಒಂದೇ ಆಗಿರುತ್ತದೆ. ಬಿಲ್, ಚಲನ್, ಗೇಟ್‌ನಲ್ಲಿ ಮಾಲು ಒಳಗೆ ತೆಗೆದುಕೊಂಡ ರಿಜಿಸ್ಟರ್ ಮೂರನ್ನೂ ಪಕ್ಕಪಕ್ಕ ಇಡಿ. ಒಂದೇ ಸಲ ಮಾಲು ಬಂದಿದ್ದರೆ ಒಂದೇ ಬಿಲ್. ಎರಡು ಸಲ ಬಂದಿದ್ದರೆ ಎರಡನೆಯ ಬಿಲ್ ಎಲ್ಲೋ ಟೇಬಲ್ ಡ್ರಾಯರ್‌ನಲ್ಲಿ ಉಳಿದಿದೆ ಅಷ್ಟೇ.

ಎರಡನೆಯ ಪೇಮೆಂಟ್ ಹೋದ ಖಾತೆಯ ನಂಬರನ್ನೂ ಈಗಲೇ ನೋಡಿ. ಎರಡೂ ಒಂದೇ ಖಾತೆಗೆ ಹೋಗಿದ್ದರೆ ಮುಂದೆ ಓದಿ. ಎರಡನೆಯದು ಬೇರೆ ಖಾತೆಗೆ ಹೋಗಿದ್ದರೆ, ಅದರಲ್ಲೂ "ನಮ್ಮ ಬ್ಯಾಂಕ್ ಬದಲಾಗಿದೆ" ಎಂಬ ಮೇಲ್ ನೋಡಿ ಕಟ್ಟಿದ್ದರೆ, ಇಲ್ಲಿಗೇ ನಿಲ್ಲಿ. ಅದು ವಂಚನೆ ಇರಬಹುದು. ಆ ಕ್ಷಣವೇ ನಿಮ್ಮ ಬ್ಯಾಂಕಿಗೆ ಮತ್ತು 1930 ಸಹಾಯವಾಣಿಗೆ ಫೋನ್ ಮಾಡಿ. ರೊಕ್ಕ ಆ ಖಾತೆಯಿಂದ ಮುಂದೆ ಸಾಗುವ ಮೊದಲು ತಡೆಯಬೇಕು, ಅಲ್ವಾ? ಪತ್ರ ಬರೆಯುತ್ತ ಕೂರುವ ಹೊತ್ತು ಅದಲ್ಲ.

ಎರಡನೆಯದು ಚೆಕ್ ಆಗಿದ್ದು ಇನ್ನೂ ಪಾಸಾಗಿರದಿದ್ದರೆ ಅದನ್ನು ತಡೆಯಬಹುದು. ಆದರೆ 2025ರ ಅಕ್ಟೋಬರ್ 4ರಿಂದ ಚೆಕ್‌ಗಳು ಕೆಲವೇ ಗಂಟೆಗಳಲ್ಲಿ ಕ್ಲಿಯರ್ ಆಗುತ್ತಿವೆ. ಸಂಜೆ ನೋಡೋಣ ಎಂದರೆ ಹೋಯಿತು. ಸುಮ್ನೆ ಸ್ಟಾಪ್ ಪೇಮೆಂಟ್ ಕೊಟ್ಟು ಬಿಡಬೇಡಿ. ಈ ಬಿಲ್‌ಗೆ ಆಗಲೇ ನೆಫ್ಟ್ ಆಗಿದೆ, ಆದ್ದರಿಂದ ಈ ಚೆಕ್ ಹಾಕಬೇಡಿ ಎಂದು ಸಪ್ಲೈಯರ್‌ಗೆ ಬರಹದಲ್ಲಿ ತಿಳಿಸಿ. ಇಲ್ಲದಿದ್ದರೆ ಚೆಕ್ ಬೌನ್ಸ್ ಮಾಡಿದಿರಿ ಎಂಬ ಮಾತು ಬರುತ್ತದೆ.

ಲಕ್ಷಣ: ಬ್ಯಾಂಕ್‌ನಿಂದ ಎರಡು ಸಲ ಹೋಗಿದೆ, ಆದರೆ ನಮ್ಮ ಲೆಡ್ಜರ್ ಸರಿಯಾಗಿಯೇ ಇದೆ

ಇದು ಎಲ್ಲಕ್ಕಿಂತ ಮೋಸದ ಲಕ್ಷಣ. ಎರಡು ಪೇಮೆಂಟ್ ಹಾಕಿದ ಮೇಲೆ ಸಪ್ಲೈಯರ್ ಖಾತೆಯಲ್ಲಿ ಮುಂಗಡ ಬಾಕಿ ತೋರಿಸಬೇಕು. ಸೊನ್ನೆ ತೋರಿಸುತ್ತಿದ್ದರೆ ಬಿಲ್ಲೇ ಎರಡು ಸಲ ಎಂಟ್ರಿ ಆಗಿದೆ ಎಂದು ಅರ್ಥ. ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ನೋಡಿ `0317` ಎಂದು ಹಾಕಿರುತ್ತಾರೆ. ಇನ್ನೊಬ್ಬರು ಡ್ರೈವರ್ ತಂದ ಕಾಗದ ನೋಡಿ `317` ಎಂದು ಹಾಕಿರುತ್ತಾರೆ. ಸಾಫ್ಟ್‌ವೇರ್‌ಗೆ ಅವು ಎರಡು ಬೇರೆ ಬಿಲ್.

ಪತ್ತೆ ಹಚ್ಚುವುದು ಸುಲಭ. ನಿಮ್ಮ ಖರೀದಿ ರಿಜಿಸ್ಟರನ್ನು ಜಿಎಸ್‌ಟಿ ಪೋರ್ಟಲ್‌ನ `GSTR-2B` ಜೊತೆ, ಅಂದರೆ ಸಪ್ಲೈಯರ್‌ಗಳು ನಿಮ್ಮ ಹೆಸರಿಗೆ ತೋರಿಸಿದ ಬಿಲ್‌ಗಳ ಪಟ್ಟಿಯ ಜೊತೆ, ತಾಳೆ ನೋಡಿ. ಸಪ್ಲೈಯರ್ ಒಂದೇ ಬಿಲ್ ತೋರಿಸಿರುತ್ತಾರೆ. ನಿಮ್ಮಲ್ಲಿ ಎರಡು ಇರುತ್ತವೆ. ಇದನ್ನು ಬಿಟ್ಟರೆ ರೊಕ್ಕದ ಜೊತೆಗೆ 12,960 ರೂಪಾಯಿಯ ಇನ್‌ಪುಟ್ ಕ್ರೆಡಿಟನ್ನೂ ಎರಡು ಸಲ ತೆಗೆದುಕೊಂಡಂತಾಗುತ್ತದೆ, ಮತ್ತು ಅದಕ್ಕೆ ಬಡ್ಡಿ ಬೀಳಬಹುದು. ಹೆಚ್ಚುವರಿ ಬಿಲ್ ಎಂಟ್ರಿಯನ್ನು ಮೊದಲು ತೆಗೆಯಿರಿ. ಆ ತಿಂಗಳ ರಿಟರ್ನ್ ಆಗಲೇ ಹೋಗಿದ್ದರೆ ನಿಮ್ಮ ತೆರಿಗೆ ಸಲಹೆಗಾರರಿಗೆ ಹೇಳಿ, ಆಮೇಲೆ ಸಪ್ಲೈಯರ್ ಕಡೆ ಹೋಗಿ.

ಲಕ್ಷಣ: "ನಮಗ ಒಂದ ಪೇಮೆಂಟ್ ಬಂದೈತ್ರಿ" ಅನ್ನುತ್ತಿದ್ದಾರೆ

ಸುಳ್ಳು ಹೇಳುತ್ತಿದ್ದಾರೆ ಎಂದು ಅಂದುಕೊಳ್ಳಬೇಡಿ. ಫೋನ್ ಎತ್ತಿದವರು ತಮ್ಮ ಲೆಡ್ಜರ್ ನೋಡಿ ಹೇಳುತ್ತಿರುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಅಲ್ಲ. ನಮ್ಮ ಉದಾಹರಣೆಯಲ್ಲಿ ಆದದ್ದೂ ಇದೇ. ಮಾಲೀಕರು ಮೊಬೈಲ್‌ನಿಂದ ಕಳಿಸಿದ ಪೇಮೆಂಟ್ ಶಾಪ್‌ನ ಹೆಸರಿನಲ್ಲಿ ಹೋಗಿರಲಿಲ್ಲ, ಅವರ ಸ್ವಂತ ಖಾತೆಯಿಂದ ಹೋಗಿತ್ತು. ಫೌಂಡ್ರಿಯವರಿಗೆ ಆ ಹೆಸರು ಯಾರದೆಂದು ತಿಳಿಯದೆ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟಿದ್ದರು.

ಹೀಗಾದಾಗ ವಾದ ಬೇಡ, ಗುರುತಿನ ನಂಬರ್ ಕೊಡಿ. ನೆಫ್ಟ್‌ಗೆ 16 ಅಕ್ಷರ-ಅಂಕಿಗಳ ಯುಟಿಆರ್ ಇರುತ್ತದೆ, ಆರ್‌ಟಿಜಿಎಸ್‌ಗೆ 22 ಇರುತ್ತದೆ. ಐಎಂಪಿಎಸ್ ಮತ್ತು ಯುಪಿಐಗೆ 12 ಅಂಕಿಗಳ ರೆಫರೆನ್ಸ್ ನಂಬರ್ ಇರುತ್ತದೆ. ಆ ನಂಬರ್, ದಿನಾಂಕ, ಯಾವ ಹೆಸರಿನ ಖಾತೆಯಿಂದ ಹೋಯಿತು ಎಂಬುದನ್ನು ಕೊಟ್ಟು, "ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಈ ನಂಬರ್ ಹುಡುಕ್ರಿ" ಎಂದು ಕೇಳಿ. ಆದರೂ ಸಿಗದಿದ್ದರೆ ನಿಮ್ಮ ಬ್ಯಾಂಕಿನಲ್ಲಿ ಆ ನಂಬರ್ ತೋರಿಸಿ, ರೊಕ್ಕ ಆ ಖಾತೆಗೆ ಜಮಾ ಆಗಿದೆಯೇ ಎಂದು ಬರಹದಲ್ಲಿ ಕೇಳಿ. ಜಮಾ ಆದ ರೊಕ್ಕವನ್ನು ಬ್ಯಾಂಕ್ ತಾನಾಗಿ ಎಳೆದು ತರಲಾರದು. ಅವರ ಬ್ಯಾಂಕಿಗೆ ವಿನಂತಿ ಕಳಿಸಬಹುದು, ಆದರೆ ಖಾತೆದಾರರು ಒಪ್ಪಬೇಕು. ಹಾಗಾಗಿ ದಾರಿ ಕೊನೆಗೂ ಸಪ್ಲೈಯರ್ ಮೂಲಕವೇ.

ಎರಡೂ ಮುಟ್ಟಿದೆ ಎಂದು ಖಾತ್ರಿಯಾಯಿತು: ಈಗ ಪತ್ರ

ಫೋನ್‌ನಲ್ಲಿ ಮಾತಾಡಿ, ಆದರೆ ಅಲ್ಲಿಗೆ ಬಿಡಬೇಡಿ. ಇಮೇಲ್ ಹಾಕಿ. ಇಮೇಲ್ ನೋಡದವರಾದರೆ ಲೆಟರ್‌ಹೆಡ್ ಮೇಲೆ ಬರೆದು ವಾಟ್ಸ್ಆ್ಯಪ್ ಮಾಡಿ. ಪತ್ರ ಚಿಕ್ಕದಿರಲಿ. ತಪ್ಪು ಯಾರದು ಎಂದು ಬರೆಯುವ ಅಗತ್ಯವಿಲ್ಲ. ಬೇಕಾದದ್ದು ಇಷ್ಟೇ: ಯಾವ ಬಿಲ್, ಯಾವ ಎರಡು ಪೇಮೆಂಟ್, ಯಾವುದು ಹೆಚ್ಚಾಯಿತು, ಅದನ್ನು ಹೇಗೆ ಕೊಡುತ್ತೀರಿ, ಯಾವತ್ತು. ಆ ಶಾಪ್‌ನಿಂದ ಹೋದ ಪತ್ರ ಹೀಗಿತ್ತು:

> ಮಾನ್ಯರೇ,
>
> ನಿಮ್ಮ ಬಿಲ್ ನಂ. 0317ರ ಮೊತ್ತ 84,960 ರೂ. ನಿಮ್ಮ ಖಾತೆಗೆ ಎರಡು ಸಲ ಜಮಾ ಆಗಿದೆ. ಜೂನ್ 9ರಂದು ನೆಫ್ಟ್ ಮೂಲಕ ಮತ್ತು ಜೂನ್ 11ರಂದು ನಮ್ಮ ಮಾಲೀಕರ ಖಾತೆಯಿಂದ ಐಎಂಪಿಎಸ್ ಮೂಲಕ. ಎರಡರ ರೆಫರೆನ್ಸ್ ನಂಬರ್ ಮತ್ತು ಸ್ಟೇಟ್‌ಮೆಂಟ್ ಪ್ರತಿ ಲಗತ್ತಿಸಿದ್ದೇವೆ.
>
> ಜೂನ್ 9ರ ಪೇಮೆಂಟನ್ನು ಬಿಲ್ 0317ಕ್ಕೆ ಜಮಾ ಮಾಡಿಕೊಳ್ಳಿ. ಜೂನ್ 11ರ 84,960 ರೂ.ಯನ್ನು ಅದು ಬಂದ ಖಾತೆಗೇ ಜೂನ್ 25ರೊಳಗೆ ವಾಪಸ್ ಕಳಿಸಿ.
>
> ಈ ಮೊತ್ತಕ್ಕೆ ಜಿಎಸ್‌ಟಿ ಕ್ರೆಡಿಟ್ ನೋಟ್ ಮಾಡಬೇಡಿ. ರಿಜೆಕ್ಟ್ ಆದ ಕಾಸ್ಟಿಂಗ್‌ನ 4,248 ರೂ. ಬೇರೆ ವಿಷಯ. ಅದಕ್ಕೆ ಮಾತ್ರ ಕ್ರೆಡಿಟ್ ನೋಟ್ ಕೊಡಿ, ಮುಂದಿನ ಬಿಲ್‌ನಲ್ಲಿ ಕಳೆಯುತ್ತೇವೆ.
>
> ವಾಪಸ್ ಕಳಿಸುವ ದಿನಾಂಕ ಮತ್ತು ನಿಮ್ಮ ಪುಸ್ತಕದಲ್ಲಿರುವ ನಮ್ಮ ಖಾತೆಯ ಪ್ರತಿಯನ್ನು ದಯವಿಟ್ಟು ತಿಳಿಸಿ.

ಎರಡನೆಯ ಪ್ಯಾರಾದಲ್ಲಿ ಯಾವ ಪೇಮೆಂಟ್ ಬಿಲ್‌ಗೆ, ಯಾವುದು ಹೆಚ್ಚುವರಿ ಎಂದು ಬಿಡಿಸಿ ಹೇಳಿದ್ದನ್ನು ನೋಡಿ. ಅದನ್ನು ಬರೆಯದಿದ್ದರೆ ಫೌಂಡ್ರಿಯವರು ಮಾಲೀಕರ ಪೇಮೆಂಟನ್ನು ಬಿಲ್‌ಗೆ ಹಾಕಿ, ಶಾಪ್‌ನ ಪೇಮೆಂಟನ್ನು ಶಾಪ್‌ನ ಖಾತೆಗೆ ವಾಪಸ್ ಕಳಿಸಬಹುದು. ರೊಕ್ಕ ಅಷ್ಟೇ ಇದ್ದರೂ ಶಾಪ್‌ನ ಪುಸ್ತಕದಲ್ಲಿ ಮಾಲೀಕರ ಬಂಡವಾಳದ ಲೆಕ್ಕ ಏರುಪೇರಾಗುತ್ತದೆ. ಬಂದ ಖಾತೆಗೇ ವಾಪಸ್ ಎಂಬ ನಿಯಮ ಬಿಗಿಯಾಗಿ ಹಿಡಿಯಿರಿ. ನಗದಾಗಿ ಕೊಡುತ್ತೇವೆ ಎಂದರೂ ಬೇಡ ಅನ್ನಿ. 2 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನೇ ತಡೆಯುತ್ತದೆ. ಕಡಿಮೆ ಮೊತ್ತವಾದರೂ ಬ್ಯಾಂಕ್‌ನಿಂದ ಹೋದದ್ದು ಬ್ಯಾಂಕಿಗೇ ಬಂದರೆ ಆಡಿಟರ್ ಕೇಳುವ ಪ್ರಶ್ನೆಗೆ ಸ್ಟೇಟ್‌ಮೆಂಟೇ ಉತ್ತರ.

ಪತ್ರ ಹೋದ ಮೇಲೆ "ರೀಫಂಡ್ ಕಳಸ್ತೀವಿ, ಈ ಲಿಂಕ್ ಒತ್ರಿ" ಅಥವಾ "ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ" ಎಂದು ಯಾರಾದರೂ ಫೋನ್ ಮಾಡಿದರೆ ಒಪ್ಪಬೇಡಿ. ರೊಕ್ಕ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಕೇಳಿದರೆ ಅದು ನಿಮ್ಮ ಖಾತೆಯಿಂದ ತೆಗೆಯುವ ಕೆಲಸ. ಫೋನ್ ಇಟ್ಟು, ನಿಮ್ಮಲ್ಲಿರುವ ಹಳೆಯ ನಂಬರಿಗೆ ನೀವೇ ಕರೆ ಮಾಡಿ ಕೇಳಿ.

ಲಕ್ಷಣ: "ಮುಂದಿನ ಬಿಲ್‌ನ್ಯಾಗ ಮುರಕೊಳ್ರಿ" ಅನ್ನುತ್ತಾರೆ

ನಮ್ಮ ಕಡೆ ಹತ್ತರಲ್ಲಿ ಎಂಟು ಸಲ ಬರುವ ಉತ್ತರ ಇದೇ ಎಂದು ನನಗೆ ಅನಿಸುತ್ತದೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ವಾರಕ್ಕೊಮ್ಮೆ ಮಾಲು ಬರುವ ಸಪ್ಲೈಯರ್ ಆಗಿದ್ದರೆ ಒಪ್ಪುವುದೇ ಒಳ್ಳೆಯದು. ಆದರೆ ಒಪ್ಪುವ ಮೊದಲು ಕೆಲವು ವಿಷಯ ನೋಡಿಕೊಳ್ಳಬೇಕು.

ಮುಂದಿನ ಬಿಲ್ ಯಾವಾಗ, ಎಷ್ಟರದು? 84,960 ತೀರಲು ಆರು ತಿಂಗಳು ಬೇಕಾಗುವ ಸಪ್ಲೈಯರ್‌ಗೆ ಆರು ತಿಂಗಳು ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ನಿಮ್ಮ ಸಿಸಿ ಖಾತೆಗೆ ಬ್ಯಾಂಕ್ ಬಡ್ಡಿ ಹಾಕುತ್ತಲೇ ಇರುತ್ತದೆ. ಅಂಥ ಕಡೆ ವಾಪಸ್ಸೇ ಕೇಳಿ. ಒಪ್ಪುವುದಾದರೆ ಇಂಥ ದಿನದೊಳಗೆ ತೀರದಿದ್ದರೆ ಉಳಿದದ್ದನ್ನು ಬ್ಯಾಂಕ್ ಮೂಲಕ ಕೊಡುತ್ತೇವೆ ಎಂದು ಬರೆಸಿಕೊಳ್ಳಿ.

ಮುಂದಿನ ಬಿಲ್ ಯಾರ ಹೆಸರಿನಲ್ಲಿ ಬರುತ್ತದೆ? ಒಂದೇ ಕುಟುಂಬದ ಎರಡು ಫೌಂಡ್ರಿಗಳು, ಎರಡು ಜಿಎಸ್‌ಟಿ ನಂಬರ್, ಅಣ್ಣನದೊಂದು ತಮ್ಮನದೊಂದು. ಇದು ಇಲ್ಲಿ ಸಾಮಾನ್ಯ. ಅಣ್ಣನ ಫರ್ಮ್‌ಗೆ ಹೋದ ಹೆಚ್ಚುವರಿ ರೊಕ್ಕವನ್ನು ತಮ್ಮನ ಫರ್ಮ್‌ನ ಬಿಲ್‌ನಲ್ಲಿ ಕಳೆದರೆ ಎರಡು ಖಾತೆಯೂ ಕೆಡುತ್ತವೆ. ಒಂದರಲ್ಲಿ ಬಾಕಿ ಬರಬೇಕು ಎಂದು, ಇನ್ನೊಂದರಲ್ಲಿ ಕೊಡಬೇಕು ಎಂದು ವರ್ಷಗಟ್ಟಲೆ ಉಳಿಯುತ್ತದೆ. ಇದಕ್ಕೆ ಒಪ್ಪಬೇಡಿ.

ಮೂರನೆಯದು, ಅವರು ಕೊಡುವುದು ಮಾಲೋ ಕೆಲಸವೋ? ಮಾಲಿನ ಮುಂಗಡಕ್ಕೆ 2017ರ ನವೆಂಬರ್ 15ರಿಂದ ಜಿಎಸ್‌ಟಿ ಕಟ್ಟುವುದಿಲ್ಲ. ಆದ್ದರಿಂದ ಕಾಸ್ಟಿಂಗ್ ಫೌಂಡ್ರಿ ನಿಮ್ಮ ರೊಕ್ಕವನ್ನು ಮುಂಗಡವಾಗಿ ಇಟ್ಟುಕೊಂಡರೆ ತೆರಿಗೆಯ ತೊಡಕಿಲ್ಲ. ಆದರೆ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್‌ನಂಥ ಜಾಬ್ ವರ್ಕ್ ಮಾಡುವವರು ಕೊಡುವುದು ಸೇವೆ. ಸೇವೆಯ ಮುಂಗಡ ಕೈಗೆ ಬಂದಾಗಲೇ ತೆರಿಗೆ ಬರುತ್ತದೆ. ಅಂಥವರ ಹತ್ತಿರ ಹೆಚ್ಚುವರಿ ರೊಕ್ಕವನ್ನು "ಮುಂಗಡ" ಮಾಡಿ ಇಡುವ ಬದಲು ವಾಪಸ್ ತೆಗೆದುಕೊಳ್ಳುವುದೇ ಇಬ್ಬರಿಗೂ ಸರಳ.

ಒಪ್ಪಿದ ಮೇಲೆ ಟ್ಯಾಲಿಯಲ್ಲಿ ಆ ಪೇಮೆಂಟನ್ನು `On Account` ಎಂದು ತೇಲಿ ಬಿಡಬೇಡಿ. `Advance` ಎಂದು ಒಂದು ಹೆಸರು ಕೊಟ್ಟು ಇಡಿ. ಹೊಸ ಬಿಲ್ ಬಂದಾಗ ಆ ಹೆಸರಿನ ಎದುರು `Agst Ref` ಹಾಕಿ. ಆಗ ಎಷ್ಟು ತೀರಿತು, ಎಷ್ಟು ಉಳಿಯಿತು ಎಂದು ಅಕೌಂಟೆಂಟ್ ಬದಲಾದರೂ ಕಾಣುತ್ತದೆ.

ಲಕ್ಷಣ: ರೊಕ್ಕದ ಬದಲು ಕ್ರೆಡಿಟ್ ನೋಟ್ ಬಂದಿದೆ

ಈ ಹಂತದಲ್ಲೇ ಜಾಸ್ತಿ ಜನ ತೊಂದರೆಗೆ ಸಿಕ್ಕುವುದು. ಕ್ರೆಡಿಟ್ ನೋಟ್ ಬಂದರೆ ಮೊದಲು ಅದರಲ್ಲಿ ತೆರಿಗೆ ಇದೆಯೇ ನೋಡಿ.

ತೆರಿಗೆ ಇಲ್ಲದೆ, "ಹೆಚ್ಚುವರಿ ಬಂದ 84,960 ನಿಮ್ಮ ಖಾತೆಗೆ ಜಮಾ" ಎಂದಷ್ಟೇ ಇದ್ದರೆ ಅದು ಲೆಕ್ಕದ ಚೀಟಿ. ತೊಂದರೆ ಇಲ್ಲ. ಮೇಲೆ ಹೇಳಿದಂತೆ ಮುಂದಿನ ಬಿಲ್‌ಗೆ ಬಳಸಬಹುದು.

72,000 ಮಾಲು, 12,960 ತೆರಿಗೆ ಎಂದು ಬಿಡಿಸಿ, ಬಿಲ್ 0317ರ ಎದುರು ಮಾಡಿದ್ದರೆ ಅದು ತಪ್ಪು. ಜಿಎಸ್‌ಟಿ ಕಾನೂನಿನ 34ನೇ ಸೆಕ್ಷನ್‌ನ ಕ್ರೆಡಿಟ್ ನೋಟ್ ಇರುವುದು ಮಾಲು ವಾಪಸ್ ಹೋದಾಗ, ಬೆಲೆ ಅಥವಾ ತೆರಿಗೆ ಜಾಸ್ತಿ ಹಾಕಿದ್ದಾಗ, ಮಾಲು ಸರಿ ಇಲ್ಲದಿದ್ದಾಗ. ಇಲ್ಲಿ ಮಾಲು ಬಂದಿದೆ, ಬೆಲೆ ಸರಿ ಇದೆ, ರೊಕ್ಕ ಮಾತ್ರ ಎರಡು ಸಲ ಹೋಗಿದೆ. ಆ ನೋಟ್ ಅವರ ಮಾರಾಟದ ರಿಟರ್ನ್ ಆದ `GSTR-1`ನಲ್ಲಿ ಹೋದರೆ ನಿಮ್ಮ `GSTR-2B`ಯಲ್ಲಿ ಬಂದು ಕೂರುತ್ತದೆ. ಆಗ ನೀವು ನ್ಯಾಯವಾಗಿ ಪಡೆದ 12,960ರ ಇನ್‌ಪುಟ್ ಕ್ರೆಡಿಟ್ ಹೋಗುತ್ತದೆ. ಖರೀದಿಯೇ ಆಗಿಲ್ಲ ಎಂದು ದಾಖಲೆ ಹೇಳುತ್ತದೆ.

ತಕ್ಷಣ ಸಪ್ಲೈಯರ್‌ಗೆ ಬರೆದು ಅದನ್ನು ರದ್ದು ಮಾಡಲು ಹೇಳಿ. ಅವರು ರಿಟರ್ನ್ ಹಾಕುವ ಮೊದಲೇ ಹೇಳಿದರೆ ಕೆಲಸ ಹಗುರ. ಪೋರ್ಟಲ್‌ಗೆ ಬಂದುಬಿಟ್ಟಿದ್ದರೆ `IMS` ಎಂಬ ಪುಟದಲ್ಲಿ ಅದನ್ನು ತಿರಸ್ಕರಿಸುವ ದಾರಿ ಇದೆ. ಆದರೆ ತಿರಸ್ಕರಿಸಿದರೆ ಆ ತೆರಿಗೆ ಸಪ್ಲೈಯರ್ ತಲೆಗೆ ಬೀಳುತ್ತದೆ. ಹೇಳದೆ ಕೇಳದೆ ಮಾಡಿದರೆ ಸಂಬಂಧ ಕೆಡುತ್ತದೆ. ಇಲ್ಲಿ ತೆರಿಗೆ ಸಲಹೆಗಾರರನ್ನು ಕೇಳದೆ ಗುಂಡಿ ಒತ್ತಬೇಡಿ.

ನಮ್ಮ ಉದಾಹರಣೆಯಲ್ಲಿ ಫೌಂಡ್ರಿಯವರು ಎರಡನ್ನೂ ಕೂಡಿಸಿ 89,208 ರೂಪಾಯಿಗೆ ಒಂದೇ ಕ್ರೆಡಿಟ್ ನೋಟ್ ಕರಡು ಮಾಡಿದ್ದರು. 84,960 ಮತ್ತು 4,248, ಕೂಡಿದರೆ ಸರಿಯೇ. ಆದರೆ ಮೊದಲನೆಯದು ಬರೀ ರೊಕ್ಕ, ಎರಡನೆಯದು ಮಾತ್ರ ಮಾಲಿನ ವಿಷಯ. ಪತ್ರದಲ್ಲಿ ಬೇರೆ ಬೇರೆ ಬರೆದಿದ್ದರಿಂದ ತೋರಿಸಿ ಹೇಳುವುದು ಸುಲಭವಾಯಿತು. ಅವರು 4,248ಕ್ಕೆ ಮಾತ್ರ ತೆರಿಗೆಯ ಕ್ರೆಡಿಟ್ ನೋಟ್ ಮಾಡಿದರು, ಶಾಪ್ 648ರ ಇನ್‌ಪುಟ್ ಕ್ರೆಡಿಟ್ ಕಡಿಮೆ ಮಾಡಿಕೊಂಡಿತು. 84,960 ಬ್ಯಾಂಕ್ ಮೂಲಕ ಮಾಲೀಕರ ಖಾತೆಗೆ ಬಂತು.

ಲಕ್ಷಣ: ಉತ್ತರವೇ ಇಲ್ಲ, ಅಥವಾ ಕೊಡುವುದಿಲ್ಲ ಅನ್ನುತ್ತಾರೆ

ಮೊದಲು ಒಂದು ನೆನಪಿನ ಪತ್ರ, ಆಮೇಲೆ ಮಾಲೀಕರೇ ಮಾಲೀಕರಿಗೆ ಒಂದು ಫೋನ್. ಕ್ಲರ್ಕ್‌ಗಳ ನಡುವೆ ಸಿಕ್ಕಿಕೊಂಡದ್ದು ಬಹಳ ಸಲ ಇಲ್ಲಿ ಬಿಡುತ್ತದೆ. ಅವರು ಹಳೆಯ ಬಾಕಿ ಇದೆ, ಅದಕ್ಕೆ ಹಿಡಿದುಕೊಂಡಿದ್ದೇವೆ ಎಂದರೆ ಕೋಪ ಬೇಡ. ಯಾವ ಬಿಲ್ ಎಂದು ಕೇಳಿ, ಅವರ ಪುಸ್ತಕದ ಖಾತೆಯ ಪ್ರತಿ ತರಿಸಿ ತಾಳೆ ನೋಡಿ. ನಿಜವಾಗಿ ಬಾಕಿ ಇರಬಹುದು.

ಬಾಕಿ ಇಲ್ಲ, ಆದರೂ ಕೊಡುವುದಿಲ್ಲ ಎಂದರೆ ಕಾನೂನು ನಿಮ್ಮ ಕಡೆ ಇದೆ. ತಪ್ಪಿನಿಂದ ಬಂದ ರೊಕ್ಕವನ್ನು ಪಡೆದವರು ವಾಪಸ್ ಕೊಡಬೇಕು ಎಂದು 1872ರ ಭಾರತೀಯ ಕರಾರು ಕಾಯ್ದೆಯ 72ನೇ ಸೆಕ್ಷನ್ ಹೇಳುತ್ತದೆ. ವಕೀಲರ ನೋಟಿಸ್‌ನಲ್ಲಿ ಅದನ್ನೇ ಬರೆಯುತ್ತಾರೆ. ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಅವಧಿ ಇರುತ್ತದೆ, ಆದ್ದರಿಂದ ವರ್ಷಗಟ್ಟಲೆ ಸುಮ್ಮನಿರಬೇಡಿ. ಕೋರ್ಟಿಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗೆ ಅರ್ಜಿ ಕೊಡಬಹುದು. ಸಣ್ಣ ಉದ್ಯಮಗಳ ಬಾಕಿ ವಸೂಲಿಯ ಸಮಾಧಾನ್ ಪೋರ್ಟಲ್‌ಗೆ ಹೋಗಬೇಡಿ. ಅದು ಮಾಲು ಕೊಟ್ಟು ರೊಕ್ಕ ಬಾರದವರಿಗೆ ಇರುವುದು, ಜಾಸ್ತಿ ರೊಕ್ಕ ಕೊಟ್ಟವರಿಗಲ್ಲ.

ಅವರ ಬೇರೆ ಬಿಲ್ ನಿಮ್ಮ ಹತ್ತಿರ ಬಾಕಿ ಇದ್ದರೆ ಅದರಲ್ಲಿ ಹಿಡಿದುಕೊಳ್ಳೋಣ ಅನಿಸುತ್ತದೆ. ಮಾಡಬಹುದು, ಆದರೆ ಹೇಳದೆ ಮಾಡಬೇಡಿ. ಯಾವ ಬಿಲ್‌ನಲ್ಲಿ ಎಷ್ಟು, ಯಾವ ಪೇಮೆಂಟ್‌ಗೆ ಎದುರಾಗಿ ಹಿಡಿದಿದ್ದೇವೆ ಎಂದು ಅದೇ ದಿನ ಬರಹದಲ್ಲಿ ತಿಳಿಸಿ.

ಲಕ್ಷಣ: ರೊಕ್ಕ ಬಂತು, ಆದರೂ ಖಾತೆ ಸೊನ್ನೆ ಆಗುತ್ತಿಲ್ಲ

ಉಳಿದ ಮೊತ್ತವನ್ನೇ ನೋಡಿ, ಕಾರಣ ಅದರಲ್ಲೇ ಇರುತ್ತದೆ. 4,248 ಉಳಿದಿದ್ದರೆ ರಿಜೆಕ್ಷನ್‌ನ ಕ್ರೆಡಿಟ್ ನೋಟ್ ಒಂದು ಕಡೆ ಮಾತ್ರ ಎಂಟ್ರಿ ಆಗಿದೆ. 3,600 ಅಥವಾ 648 ಉಳಿದಿದ್ದರೆ ಆ ನೋಟ್‌ನ ಮಾಲು ಅಥವಾ ತೆರಿಗೆ ಬಿಟ್ಟು ಹೋಗಿದೆ. ಪೂರ್ತಿ 84,960 ಉಳಿದಿದ್ದರೆ ರೀಫಂಡನ್ನು ಸಪ್ಲೈಯರ್ ಖಾತೆಗೆ ಹಾಕದೆ ಬೇರೆ ಆದಾಯಕ್ಕೆ ಹಾಕಿರುತ್ತಾರೆ. ಹಾಗಾದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಕೆಲವು ರೂಪಾಯಿಗಳಷ್ಟೇ ಉಳಿದಿದ್ದರೆ ಅವರು ಬ್ಯಾಂಕ್ ಚಾರ್ಜ್ ಮುರಿದುಕೊಂಡು ಕಳಿಸಿರಬಹುದು, ಕೇಳಿ ತಿಳಿದು ಬ್ಯಾಂಕ್ ಖರ್ಚಿಗೆ ಹಾಕಿ.

ಸರಿ ಮಾಡಿದ ಮೇಲೆ ಅವರ ಲೆಡ್ಜರ್ ಪ್ರತಿಯನ್ನು ಇನ್ನೊಮ್ಮೆ ತರಿಸಿ, ಎರಡು ಕಡೆಯ ಬಾಕಿ ಒಂದೇ ಎಂದು ಅವರ ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಪತ್ರ, ಎರಡು ರೆಫರೆನ್ಸ್ ನಂಬರ್, ರೀಫಂಡ್ ಬಂದ ಸ್ಟೇಟ್‌ಮೆಂಟ್ ಹಾಳೆ, ಈ ಸಹಿಯ ಪ್ರತಿ ಇಷ್ಟನ್ನೂ ಬಿಲ್ 0317ರ ಹಿಂದೆಯೇ ಪಿನ್ ಮಾಡಿ ಫೈಲಿಗೆ ಹಾಕಿ.